ಸೊನ್ನೆ ವ್ಯತ್ಯಾಸದ ಐದು ದಿನ: ಶಾಲಾ ಶುಲ್ಕ ತಂತ್ರಾಂಶದ ಯುಎಟಿಯಲ್ಲಿ ನನ್ನ ಅನುಭವ

"ಯುಎಟಿಗೆ ಮೂರು ದಿನ ಧಾರಾಳವಾಗಿ ಸಾಕು ಸರ್, ಎಲ್ಲ ಕಡೆಯೂ ಅಷ್ಟೇ ಕೊಡುತ್ತಾರೆ" ಎಂದು ವೆಂಡರ್ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ಮೊದಲ ಸಭೆಯಲ್ಲಿ ನಗುತ್ತಲೇ ಹೇಳಿದರು. ಯುಎಟಿ ಎಂದರೆ ಹೊಸ ತಂತ್ರಾಂಶವನ್ನು ಬಳಸುವವರೇ ಪರೀಕ್ಷಿಸಿ, ಒಪ್ಪಿ ಸಹಿ ಹಾಕುವ ಹಂತ. ಅದಕ್ಕೆ ನಾನು ಕೇಳಿದ್ದು ಏಳು ವಾರ. ಅವರ ನಗು ಅಲ್ಲಿಗೆ ನಿಂತಿತು. ನಮ್ಮ ಆಡಳಿತ ಮಂಡಳಿಯ ಖಜಾಂಚಿಯವರಂತೂ, "ತಂತ್ರಾಂಶ ಬರೆದವರಿಗೇ ಅಷ್ಟು ಕಾಲ ಹಿಡಿದಿರಲಿಕ್ಕಿಲ್ಲ, ಪರೀಕ್ಷೆ ಮಾಡಲು ನಿಮಗೇಕೆ?" ಎಂದು ಎಲ್ಲರ ಮುಂದೆಯೇ ಕೇಳಿದರು. ಕೊನೆಗೆ ಹಿಡಿದದ್ದು ಒಂಬತ್ತು ವಾರ. ಈಗ ಎರಡು ಅವಧಿಗಳ ಶುಲ್ಕ ಅದೇ ತಂತ್ರಾಂಶದಲ್ಲಿ ವಸೂಲಾಗಿದೆ, ಲೆಕ್ಕ ಕೂಡಿದೆ, ಖಜಾಂಚಿಯವರು ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ನಾನು ಹಟ ಹಿಡಿದದ್ದಕ್ಕೆ ಕಾರಣವಿತ್ತು. ನಾಲ್ಕು ವರ್ಷಗಳ ಹಿಂದೆ ಬೇರೊಂದು ತಂತ್ರಾಂಶ ಬಂದಾಗ ಸಹಿ ಹಾಕಿದವನು ನಾನೇ. ಆಗ ವೆಂಡರ್ ಕೊಟ್ಟ ಪಟ್ಟಿಯಲ್ಲಿ ಇನ್ನೂರಹತ್ತರಷ್ಟು ಪರೀಕ್ಷಾ ಪ್ರಕರಣಗಳಿದ್ದವು. ನಾವು ಅವರು ಹೇಳಿದ ಬಟನ್ ಒತ್ತಿದೆವು, ಅವರು ಹೇಳಿದ್ದೇ ಪರದೆಯ ಮೇಲೆ ಬಂತು. ಶೇಕಡಾ 96 ಪಾಸಾಯಿತು ಎಂದು ಬೀಗುತ್ತಾ ಸಹಿ ಮಾಡಿದೆವು. ಉಳಿದ ಶೇಕಡಾ 4 ಎಂದರೆ ಎಂಟು ಪ್ರಕರಣಗಳು: ಚೆಕ್ ವಾಪಸು, ಹಣ ಮರುಪಾವತಿ, ತಪ್ಪು ಮಗುವಿನ ಖಾತೆಗೆ ಹೋದ ಹಣ, ಇಂಥವೇ. ಅವಧಿ ಮುಗಿಯುವ ಹೊತ್ತಿಗೆ ಬ್ಯಾಂಕಿನ ಲೆಕ್ಕಕ್ಕೂ ತಂತ್ರಾಂಶದ ಲೆಕ್ಕಕ್ಕೂ ಮೂರೂವರೆ ಲಕ್ಷದಷ್ಟು ಅಂತರ ಬಿತ್ತು. ಇಬ್ಬರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಎರಡೂವರೆ ತಿಂಗಳು ರಸೀದಿ ರಸೀದಿಯಾಗಿ ಹುಡುಕಿಸಿದೆ. ನಲವತ್ತು ಸಾವಿರದಷ್ಟು ಕೊನೆಗೂ ಸಿಗಲಿಲ್ಲ, ವಜಾ ಬರೆದೆವು. ಆ ಹಾಳೆಯ ಕೆಳಗೂ ನನ್ನದೇ ಸಹಿ ಇದೆ.

ಅಂದು ನನಗೆ ಹೊಳೆಯದ ಸಂಗತಿ ಬಹಳ ಸರಳವಾದದ್ದು. ಶೇಕಡಾವಾರು ಲೆಕ್ಕದಲ್ಲಿ "ಲಾಗಿನ್ ಆಗುತ್ತದೆ" ಎಂಬುದಕ್ಕೂ ಒಂದು ಅಂಕ, "ಚೆಕ್ ವಾಪಸಾದರೆ ಬಾಕಿ ಸರಿಯಾಗಿ ಮರಳುತ್ತದೆ" ಎಂಬುದಕ್ಕೂ ಒಂದೇ ಅಂಕ. ಸುಲಭದ ಪ್ರಕರಣಗಳನ್ನು ಎಷ್ಟು ತುರುಕಿದರೆ ಅಷ್ಟು ಅಂಕ ಏರುತ್ತದೆ.

ಈ ಸಲ ವೆಂಡರ್ ಕೊಟ್ಟ ಪಟ್ಟಿಯನ್ನು ಕಪಾಟಿನಲ್ಲಿಟ್ಟು ಹಳೆಯ ರಸೀದಿ ಪುಸ್ತಕಗಳನ್ನು ಇಳಿಸಿದೆ. ಮೂರು ವರ್ಷದ ಪುಸ್ತಕಗಳು. ಕೆಂಪು ಶಾಯಿಯಲ್ಲಿ ತಿದ್ದಿದ ರಸೀದಿ, "ರದ್ದು" ಎಂದು ಬರೆದ ರಸೀದಿ, ಹಿಂಬದಿಗೆ ಪೋಷಕರ ಪತ್ರ ಪಿನ್ ಮಾಡಿದ ರಸೀದಿ, ಇವಿಷ್ಟನ್ನೇ ಆರಿಸಿದೆ. ಮಾಮೂಲು ರಸೀದಿಗಳನ್ನು ಯಾವ ತಂತ್ರಾಂಶವೂ ಸರಿಯಾಗಿಯೇ ಮುದ್ರಿಸುತ್ತದೆ, ಅದಕ್ಕೆ ನನ್ನ ಸಂಜೆ ಹಾಳಾಗಬೇಕಿಲ್ಲ. ನೂರಮೂವತ್ತರ ಆಸುಪಾಸು ಸಿಕ್ಕವು. ಒಂದೇ ಬಗೆಯವನ್ನು ತೆಗೆದ ಮೇಲೆ 84 ಉಳಿದವು. ನಮ್ಮಲ್ಲಿ ಇನ್ನೂ ನಡೆಯದ, ಆದರೆ ನಡೆಯಬಹುದಾದ ಹನ್ನೆರಡನ್ನು ಸೇರಿಸಿದೆ. ಒಟ್ಟು 96. ಹಳೆಯ ಶೇಕಡಾವಾರು ನನ್ನನ್ನು ಅಣಕಿಸಲೆಂದೇ ಮರಳಿ ಬಂದಂತಿತ್ತು. ಯಾವ ತಿಂಗಳ ಪುಸ್ತಕವನ್ನು ಮೊದಲು ತೆರೆದರೆ ವಿಚಿತ್ರ ರಸೀದಿಗಳು ಹೆಚ್ಚು ಸಿಗುತ್ತವೆ ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಅದು ನನ್ನ ಬಳಿಯೇ ಇರಲಿ.

ಮುಂದಿನ ಹೆಜ್ಜೆ ಪ್ರತಿ ಪ್ರಕರಣಕ್ಕೂ ಬರಬೇಕಾದ ಉತ್ತರವನ್ನು ಕೈಯಲ್ಲಿ ಬರೆದಿಡುವುದು. ತಂತ್ರಾಂಶ ತೆರೆಯುವ ಮೊದಲೇ ಬರೆಯಬೇಕು, ಬರೆದವರು ಪರೀಕ್ಷೆ ನಡೆಸಬಾರದು. ಪರದೆಯ ಮೇಲೆ 20,400 ಎಂದು ಅಚ್ಚುಕಟ್ಟಾಗಿ ಮೂಡಿದಾಗ ಅದು ತಪ್ಪಿರಬಹುದು ಎಂದು ಯಾರಿಗೂ ಅನ್ನಿಸುವುದಿಲ್ಲ, ಕಣ್ಣು ತಾನಾಗಿಯೇ ತಲೆಯಾಡಿಸುತ್ತದೆ. ನಮ್ಮ ಹಿರಿಯ ಕ್ಯಾಷಿಯರ್ ಮೇಡಂ ಒಂದು ರಟ್ಟಿನ ನೋಟ್‌ಬುಕ್ಕಿನಲ್ಲಿ ಉತ್ತರ ಬರೆದರು. ಕಳೆದ ವರ್ಷವಷ್ಟೇ ಸೇರಿದ ಗುಮಾಸ್ತ ಹುಡುಗ ತಂತ್ರಾಂಶದಲ್ಲಿ ಪ್ರಕರಣ ನಡೆಸಿ ಬಂದ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಮಾತ್ರ ನನ್ನ ಕೆಲಸ.

ಉತ್ತರ ಬರೆಯಲು ಕುಳಿತಾಗ ತಿಳಿದದ್ದೇನೆಂದರೆ ನಮ್ಮ ನಿಯಮಗಳೇ ನಮಗೆ ಸ್ಪಷ್ಟವಿರಲಿಲ್ಲ. ಒಂದು ಮಗುವಿನ ಬೋಧನಾ ಶುಲ್ಕ 40,000, ಒಡಹುಟ್ಟಿದವರ ರಿಯಾಯಿತಿ ಶೇಕಡಾ 10, ಜೊತೆಗೆ 5,000ದ ವಿದ್ಯಾರ್ಥಿವೇತನ. ಮೇಡಂ ಮೊದಲು ರಿಯಾಯಿತಿ ಕಳೆದರು: 36,000, ಅದರಲ್ಲಿ 5,000 ಹೋಗಿ 31,000. ನಾನು ಮೊದಲು ವಿದ್ಯಾರ್ಥಿವೇತನ ಕಳೆದೆ: 35,000, ಅದರ ಹತ್ತನೇ ಒಂದು ಭಾಗ ಹೋಗಿ 31,500. ಐನೂರು ರೂಪಾಯಿಯ ವ್ಯತ್ಯಾಸ. ಹತ್ತು ವರ್ಷದಿಂದ ಅಕ್ಕಪಕ್ಕದ ಕುರ್ಚಿಯಲ್ಲಿ ಕುಳಿತು ಇಬ್ಬರೂ ಎರಡು ರೀತಿ ಲೆಕ್ಕ ಹಾಕುತ್ತಿದ್ದೆವು! ಇಂಥವು ಹದಿನೇಳು ಸಿಕ್ಕವು. ಭಾಗಶಃ ಹಣ ಕಟ್ಟಿದರೆ ಅದು ಮೊದಲು ಹಳೆಯ ಬಾಕಿಗೆ ಹೋಗಬೇಕೋ ವಿಳಂಬ ಶುಲ್ಕಕ್ಕೋ? 25,000ವನ್ನು ಮೂರು ಕಂತು ಮಾಡಿದರೆ ಉಳಿಯುವ ಆ ಒಂದು ರೂಪಾಯಿ ಯಾವ ಕಂತಿಗೆ? ಕಡೆಯ ದಿನ ರಾತ್ರಿ 11.58ಕ್ಕೆ ಪೋಷಕರು ಹಣ ಕಳಿಸಿ, ದೃಢೀಕರಣ 12.03ಕ್ಕೆ ಬಂದರೆ ವಿಳಂಬ ಶುಲ್ಕ ಹಾಕಬೇಕೋ ಬೇಡವೋ?

ಇವುಗಳನ್ನು ವೆಂಡರ್‌ಗೆ ಬಿಟ್ಟಿದ್ದರೆ ಕೋಡ್ ಬರೆಯುವ ಯಾರೋ ಹುಡುಗ ತನಗೆ ತೋಚಿದಂತೆ ತೀರ್ಮಾನಿಸುತ್ತಿದ್ದ, ಅದು ನಮ್ಮ ಶಾಲೆಯ ನಿಯಮವಾಗಿಬಿಡುತ್ತಿತ್ತು. ಹದಿನೇಳನ್ನೂ ಬರೆದು ಪ್ರಾಂಶುಪಾಲರ ಮುಂದಿಟ್ಟೆ. ಮೊದಲು ರಿಯಾಯಿತಿ, ಆಮೇಲೆ ವಿದ್ಯಾರ್ಥಿವೇತನ. ಮೊದಲ ಎರಡು ಕಂತು 8,333, ಕೊನೆಯದು 8,334. ರಾತ್ರಿಯ ಪಾವತಿಗೆ ಪೋಷಕರು ಹಣ ಕಳಿಸಿದ ಸಮಯವೇ ಲೆಕ್ಕ. ಹೀಗೆ ಒಂದೊಂದಕ್ಕೂ ಅವರ ಸಹಿ ಪಡೆದೆ. ಎರಡು ವಾರ ಇದಕ್ಕೇ ಹೋಯಿತು, ಖಜಾಂಚಿಯವರ ಮುಖ ಕೆಂಪಗಾದದ್ದು ಈ ಹಂತದಲ್ಲೇ. "ಇನ್ನೂ ಒಂದು ಪರೀಕ್ಷೆಯನ್ನೂ ಮಾಡಿಲ್ಲವೇ?" ಎಂದರು. ಮಾಡಿರಲಿಲ್ಲ, ನಿಜ.

ಪರೀಕ್ಷೆ ಆರಂಭವಾದ ಮೇಲೆ ಎಲ್ಲವನ್ನೂ ಹೇಳುತ್ತಾ ಹೋದರೆ ಮುಗಿಯದು. ನಲವತ್ತೊಂದನೇ ಪ್ರಕರಣ ಒಂದನ್ನು ಪೂರ್ತಿ ಹೇಳುತ್ತೇನೆ, ಉಳಿದವುಗಳ ಜಾತಕವೂ ಅದರಲ್ಲೇ ಇದೆ.

ಅಕ್ಕ ಎಂಟನೇ ತರಗತಿ, ತಮ್ಮ ಐದನೇ ತರಗತಿ. ಎರಡನೇ ಕಂತು ಅಕ್ಕನಿಗೆ 24,000. ತಮ್ಮನಿಗೆ 22,000, ಅದರಲ್ಲಿ ಬೋಧನಾ ಶುಲ್ಕ 18,000. ಒಡಹುಟ್ಟಿದವರ ರಿಯಾಯಿತಿ ಎರಡನೇ ಮಗುವಿನ ಬೋಧನಾ ಶುಲ್ಕಕ್ಕೆ ಮಾತ್ರ, ಆದ್ದರಿಂದ 1,800 ಕಳೆದು ತಮ್ಮನದು 20,200. ತಂದೆ ಇಬ್ಬರಿಗೂ ಸೇರಿಸಿ 44,200ರ ಒಂದೇ ಚೆಕ್ ಅನ್ನು 8ನೇ ತಾರೀಕು ಕೊಟ್ಟರು. ಕಡೆಯ ದಿನ 10. ಚೆಕ್ 14ರಂದು ವಾಪಸಾಯಿತು. ವಿಳಂಬ ಶುಲ್ಕ ಮಗುವಿಗೆ ದಿನಕ್ಕೆ 50, ಚೆಕ್ ವಾಪಸಾತಿಗೆ 500.

ಮೇಡಂ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಉತ್ತರ ಹೀಗಿತ್ತು. ವಾಪಸಾದ ಚೆಕ್ ಕೊಡದ ಚೆಕ್ಕಿಗೆ ಸಮ, ಹಾಗಾಗಿ ವಿಳಂಬ ಶುಲ್ಕ 11ರಿಂದಲೇ ಲೆಕ್ಕ. 14ರವರೆಗೆ ನಾಲ್ಕು ದಿನ, ಒಬ್ಬೊಬ್ಬರಿಗೆ 200. ಚೆಕ್ ಒಂದೇ ಆದ್ದರಿಂದ 500 ಒಂದೇ ಸಲ, ದೊಡ್ಡ ಮಗುವಿನ ಖಾತೆಗೆ. ಅಕ್ಕನ ಬಾಕಿ 24,700, ತಮ್ಮನದು 20,400, ಒಟ್ಟು 45,100. ಎರಡೂ ರಸೀದಿಗಳು ಕಡತದಲ್ಲಿ ಉಳಿಯಬೇಕು, ಅಳಿಸಿಹೋಗಬಾರದು. ಅವುಗಳ ಕೆಳಗೆ ಅವನ್ನು ರದ್ದು ಮಾಡುವ ವಿರುದ್ಧ ನಮೂದು ಬರಬೇಕು.

ತಂತ್ರಾಂಶ ತೋರಿಸಿದ್ದು ಅಕ್ಕನಿಗೆ 24,500, ತಮ್ಮನಿಗೆ 22,500, ಒಟ್ಟು 47,000.

1,900 ಹೆಚ್ಚು. ವೆಂಡರ್ ಕಡೆಯವರು ಇದನ್ನು "ಚೆಕ್ ವಾಪಸಾತಿಯಲ್ಲಿ ಮೊತ್ತದ ವ್ಯತ್ಯಾಸ" ಎಂದು ಒಂದೇ ದೋಷವಾಗಿ ಬರೆದುಕೊಂಡರು. ನಾನು ಒಪ್ಪಲಿಲ್ಲ. ಬೋಧನಾ ಶುಲ್ಕ, ವಿಳಂಬ ಶುಲ್ಕ, ವಾಪಸಾತಿ ಶುಲ್ಕ ಎಂದು ಲೆಕ್ಕದ ಒಂದೊಂದು ಶೀರ್ಷಿಕೆಯನ್ನೂ ಬಿಡಿಸಿ ನೋಡಿದಾಗ ಒಳಗೆ ಮೂರು ತಪ್ಪುಗಳಿದ್ದವು. ವಾಪಸಾತಿ ಶುಲ್ಕ ಚೆಕ್ಕಿಗೊಂದು ಎನ್ನುವ ಬದಲು ರಸೀದಿಗೊಂದು ಎಂದು ಬಿದ್ದಿತ್ತು, 500 ಹೆಚ್ಚು. ತಮ್ಮನ ರಿಯಾಯಿತಿಯನ್ನು ಅವರು ರಸೀದಿಯ ಒಳಗಿನ ಒಂದು ಸಾಲಾಗಿ ಇಟ್ಟಿದ್ದರು, ರಸೀದಿ ಮಗುಚಿದಾಗ ರಿಯಾಯಿತಿಯೂ ಮಗುಚಿಕೊಂಡಿತು, 1,800 ಹೆಚ್ಚು. ವಿಳಂಬ ಶುಲ್ಕವನ್ನು ಚೆಕ್ ವಾಪಸಾದ ಮರುದಿನದಿಂದ ಎಣಿಸುತ್ತಿದ್ದರು, ಇಬ್ಬರದೂ ಸೇರಿ 400 ಕಡಿಮೆ. ಎರಡು ಹೆಚ್ಚು, ಒಂದು ಕಡಿಮೆ. ಮೊತ್ತಗಳು ಸ್ವಲ್ಪ ಬೇರೆಯಾಗಿದ್ದರೆ ಒಂದನ್ನೊಂದು ನುಂಗಿ ಒಟ್ಟು ಸರಿಯಾಗಿಯೇ ಕಾಣುತ್ತಿತ್ತು. ಅಂದಿನಿಂದ ಒಟ್ಟು ಮೊತ್ತ ಹೋಲಿಸುವುದನ್ನು ನಿಲ್ಲಿಸಿ ಪ್ರತಿ ಶೀರ್ಷಿಕೆಯನ್ನೂ ಬೇರೆ ಬೇರೆಯಾಗಿ ಹೋಲಿಸಿದೆವು. ಒಂದು ಪ್ರಕರಣದಲ್ಲಿ ಎಷ್ಟು ಶೀರ್ಷಿಕೆ ತಪ್ಪಿದರೆ ಅಷ್ಟು ದೋಷ ಎಂದು ಬರೆದೆವು. ದೋಷಗಳ ಎಣಿಕೆ ಒಂದೇ ದಿನದಲ್ಲಿ ದುಪ್ಪಟ್ಟಾಯಿತು, ಪ್ರಾಜೆಕ್ಟ್ ಮ್ಯಾನೇಜರ್ ಎರಡು ದಿನ ನನ್ನ ಫೋನ್ ಎತ್ತಲಿಲ್ಲ.

ರಿಯಾಯಿತಿಯ ತಪ್ಪನ್ನು ತಿದ್ದಿ ಹೊಸ ಆವೃತ್ತಿ ಕೊಟ್ಟರು. ನಲವತ್ತೊಂದನೆಯದು ಪಾಸಾಯಿತು. ಆದರೆ ಹಿಂದಿನ ವಾರ ಪಾಸಾಗಿದ್ದ ಮರುಪಾವತಿ ಪ್ರಕರಣ ಬಿದ್ದುಹೋಯಿತು, ಏಕೆಂದರೆ ಶಾಲೆ ಬಿಟ್ಟ ಮಗುವಿಗೆ ಈಗ ರಿಯಾಯಿತಿಯ ಮೊತ್ತವನ್ನೂ ಸೇರಿಸಿ ಹಿಂತಿರುಗಿಸುತ್ತಿತ್ತು. ನಾವು ಅದನ್ನು ಮತ್ತೆ ನಡೆಸಿ ನೋಡಿದ್ದು ಕೇವಲ ಆಕಸ್ಮಿಕ, ಗುಮಾಸ್ತ ಹುಡುಗ ಹಾಳೆ ಕಳೆದುಕೊಂಡಿದ್ದ. ಆ ಹಾಳೆ ಕಳೆದದ್ದರಿಂದಲೇ ನಿಯಮವೊಂದು ಹುಟ್ಟಿತು: ಹೊಸ ಆವೃತ್ತಿ ಬಂದ ಕೂಡಲೇ ಹಣ ಮುಟ್ಟುವ ಇಪ್ಪತ್ತೆರಡು ಪ್ರಕರಣಗಳ ಹಿಂದಿನ "ಪಾಸ್" ತಾನಾಗಿಯೇ ರದ್ದು. ಅವನ್ನು ಮೊದಲಿನಿಂದ ನಡೆಸಬೇಕು. ಇಪ್ಪತ್ತೆರಡಕ್ಕೆ ಅರ್ಧ ದಿನ ಸಾಕಾಗುತ್ತಿತ್ತು. ಒಂಬತ್ತು ಆವೃತ್ತಿಗಳು ಬಂದವು ಎಂದು ನೆನಪು.

ವಿಳಂಬ ಶುಲ್ಕದ ಪರೀಕ್ಷೆ ಬೇರೆಯದೇ ತಲೆನೋವು. ದಿನ ಕಳೆಯಬೇಕು, ಆದರೆ ಪರೀಕ್ಷಾ ಸರ್ವರ್‌ನ ದಿನಾಂಕ ಬದಲಿಸಲಾಗದು ಎಂದರು. ಅದರ ಬದಲು ಕಡೆಯ ದಿನವನ್ನೇ ಹಿಂದಕ್ಕೆ ಸರಿಸಿ ಎಂಬುದು ಅವರ ಸಲಹೆ. ಹಾಗೆ ಮಾಡಿದೆವು, ಎಲ್ಲ ಸರಿಯಾಗಿ ಬಂತು, ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕಡೆಯ ದಿನವನ್ನು ಹಿಂದಕ್ಕೆ ಸರಿಸಿದಾಗ ಪರದೆಯ ಮೇಲಿನ ಲೆಕ್ಕ ಪರೀಕ್ಷೆಯಾಗುತ್ತದೆಯೇ ಹೊರತು ತಂತ್ರಾಂಶದೊಳಗೆ ಪ್ರತಿ ರಾತ್ರಿ ತಾನಾಗಿಯೇ ಓಡಿ ಶುಲ್ಕ ಹೇರುವ ಕೆಲಸ ಪರೀಕ್ಷೆಯಾಗುವುದಿಲ್ಲ. ಆ ರಾತ್ರಿ ಕೆಲಸಕ್ಕೆ ದಿನಾಂಕವನ್ನು ನಾವೇ ಕೊಡುವಂತೆ ಮಾಡಿಸಿಕೊಂಡೆ. ಒಂದೇ ದಿನಾಂಕ ಕೊಟ್ಟು ಎರಡು ಸಲ ಓಡಿಸಿದಾಗ ಎಲ್ಲ ಮಕ್ಕಳಿಗೂ ಆ ದಿನದ 50 ಎರಡು ಸಲ ಬಿತ್ತು. ರಾತ್ರಿ ವಿದ್ಯುತ್ ಹೋಗಿ ಸರ್ವರ್ ಮತ್ತೆ ಎದ್ದಾಗ ಇದೇ ಆಗುತ್ತಿತ್ತು. ಒಂದು ದಿನ ಬಿಟ್ಟು ಓಡಿಸಿದಾಗ ಬಿಟ್ಟ ದಿನದ್ದು ಬೀಳಲೇ ಇಲ್ಲ. ಎರಡನ್ನೂ ತಿದ್ದಿಸಿಕೊಂಡೆವು.

ಆನ್‌ಲೈನ್ ಪಾವತಿಯಲ್ಲಿ ನಾನು ಸೋತೆ, ಮೊದಲ ಸಲವಂತೂ ಪೂರ್ತಿ ಸೋತೆ. ಪೋಷಕರು ಆನ್‌ಲೈನ್‌ನಲ್ಲಿ ಕಟ್ಟಿದ ಹಣವನ್ನು ಪಡೆದು ನಮ್ಮ ಬ್ಯಾಂಕಿಗೆ ತಲುಪಿಸುವ ಗೇಟ್‌ವೇಯವರ ಪರೀಕ್ಷಾ ವ್ಯವಸ್ಥೆಯಲ್ಲಿ ಹದಿನಾಲ್ಕು ಪ್ರಕರಣಗಳನ್ನೂ ಪಾಸು ಮಾಡಿಸಿ ಹೆಮ್ಮೆಯಿಂದ ಕುಳಿತಿದ್ದೆ. ಆ ಪರೀಕ್ಷಾ ವ್ಯವಸ್ಥೆಯಲ್ಲಿ ನಿಜವಾದ ಹಣ ಚಲಿಸುವುದಿಲ್ಲ, ಬ್ಯಾಂಕಿಗೆ ಏನೂ ಜಮೆಯಾಗುವುದಿಲ್ಲ, ಹಾಗಾಗಿ ನಾವು ಪರೀಕ್ಷಿಸಿದ್ದು ಅರ್ಧ ದಾರಿ ಮಾತ್ರ ಎಂದು ಅರಿವಾದದ್ದು ಮೇಡಂ ಕೇಳಿದಾಗ: "ಸರ್, ಇದರಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಿ?"

ಆಮೇಲೆ ಹತ್ತು ರೂಪಾಯಿಯ ಒಂದು ಶೀರ್ಷಿಕೆ ಸೃಷ್ಟಿಸಿ, ನಮ್ಮಲ್ಲೇ ಮಕ್ಕಳನ್ನು ಓದಿಸುತ್ತಿರುವ ಸಿಬ್ಬಂದಿಯಲ್ಲಿ ಮೂವತ್ತು ಜನರಿಂದ ನಿಜವಾದ ಹಣ ಕಟ್ಟಿಸಿದೆ. ಹಣ ಕಟ್ಟಿ, ರಸೀದಿ ಬರುವ ಮೊದಲೇ ಬ್ರೌಸರ್ ಮುಚ್ಚಿರಿ ಎಂದು ಹತ್ತು ಜನರಿಗೆ ಹೇಳಿದ್ದೆ. ಹತ್ತರಲ್ಲಿ ನಾಲ್ವರಿಗೆ ಖಾತೆಯಿಂದ ಹಣ ಹೋಗಿತ್ತು, ತಂತ್ರಾಂಶದಲ್ಲಿ "ಪಾವತಿ ವಿಫಲ" ಎಂದಿತ್ತು. ಗೇಟ್‌ವೇ ಹಿಂಬದಿಯಿಂದ ಕಳಿಸುವ ದೃಢೀಕರಣ ಸಂದೇಶ ಕೆಲವು ನಿಮಿಷ ತಡವಾಗಿ ಬಂದಿತ್ತು, ಅಷ್ಟರಲ್ಲಿ ತಂತ್ರಾಂಶ ವಿಫಲ ಎಂದು ಮುಚ್ಚಿ ಕುಳಿತಿತ್ತು. ಮುಚ್ಚಿದ ವ್ಯವಹಾರಕ್ಕೆ ಬಂದ ಸಂದೇಶವನ್ನು ಅದು ಕಸಕ್ಕೆ ಹಾಕುತ್ತಿತ್ತು. ನಿಜವಾದ ಪೋಷಕರಾಗಿದ್ದರೆ ಏನು ಮಾಡುತ್ತಿದ್ದರು? ಮತ್ತೊಮ್ಮೆ ಕಟ್ಟುತ್ತಿದ್ದರು. ಈಗ ಅದು ವಿಫಲ ಎನ್ನುವುದಿಲ್ಲ, "ದೃಢೀಕರಣಕ್ಕೆ ಕಾಯುತ್ತಿದೆ" ಎನ್ನುತ್ತದೆ. ಸಂದೇಶ ಬರದಿದ್ದರೆ ತಾನೇ ಹೋಗಿ ಗೇಟ್‌ವೇಯನ್ನು ಕೇಳುತ್ತದೆ. ಒಂದೇ ಸಂದೇಶ ಎರಡು ಸಲ ಬಂದರೆ ಒಂದೇ ರಸೀದಿ ಹುಟ್ಟುತ್ತದೆ. ಎರಡು ಸಲ ನಿಜವಾಗಿಯೇ ಕಟ್ಟಿದ್ದರೆ ಎರಡನೆಯದು ಮುಂಗಡವಾಗಿ ನಿಲ್ಲುತ್ತದೆ.

ಬ್ಯಾಂಕಿನ ಕಡೆ ಇನ್ನೊಂದು ಕಂದಕ ಕಾದಿತ್ತು. ಗೇಟ್‌ವೇ ಆಯಾ ದಿನದ ಪಾವತಿಗಳನ್ನೆಲ್ಲ ಕೂಡಿಸಿ, ತನ್ನ ಕಮಿಷನ್ ಹಿಡಿದುಕೊಂಡು, ಉಳಿದದ್ದನ್ನು ಒಂದೇ ಮೊತ್ತವಾಗಿ ಒಂದೆರಡು ದಿನದ ನಂತರ ಬ್ಯಾಂಕಿಗೆ ಹಾಕುತ್ತದೆ. ಹಳೆಯ ತಂತ್ರಾಂಶದ ಕಾಲದಲ್ಲಿ ನಮ್ಮ ಗುಮಾಸ್ತರೊಬ್ಬರು ಬ್ಯಾಂಕಿಗೆ ಬಂದಷ್ಟನ್ನೇ ಮಗುವಿನ ಖಾತೆಗೆ ಹಂಚಿದ್ದರು, 20,000 ಕಟ್ಟಿದವರಿಗೂ ಚಿಲ್ಲರೆ ಬಾಕಿ ಉಳಿದು, ಅದರ ಮೇಲೆ ವಿಳಂಬ ಶುಲ್ಕವೂ ಬೆಳೆದಿತ್ತು. ಈ ಸಲ ಮಗುವಿಗೆ ಪೂರ್ತಿ ಜಮೆ, ಕಮಿಷನ್ ಶಾಲೆಯ ಖರ್ಚು ಎಂದು ಬರೆದೆವು. ಗೇಟ್‌ವೇಯ ಪಾವತಿ ವರದಿಯನ್ನು ನಡುವೆ ಇಟ್ಟು ರಸೀದಿ, ವರದಿ, ಬ್ಯಾಂಕ್ ಮೂರನ್ನೂ ತಾಳೆ ಮಾಡಿದೆವು. ನಡುವಿನ ಆ ವರದಿ ಇಲ್ಲದೆ ಎರಡು ತುದಿಗಳು ಎಂದಿಗೂ ಕೂಡುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಐದನೇ ವಾರದಲ್ಲಿ ನನಗೊಂದು ಅನುಮಾನ ಬಂತು: ನಮ್ಮವರು ನಿಜವಾಗಿಯೂ ನೋಡುತ್ತಿದ್ದಾರೆಯೇ, ಅಥವಾ ಟಿಕ್ ಹಾಕುತ್ತಿದ್ದಾರೆಯೇ? ವೆಂಡರ್‌ನ ಒಬ್ಬ ಇಂಜಿನಿಯರ್ ಜೊತೆ ಗುಟ್ಟಾಗಿ ಮಾತಾಡಿ, ಪರೀಕ್ಷಾ ವ್ಯವಸ್ಥೆಯ ಶುಲ್ಕ ಪಟ್ಟಿಯಲ್ಲಿ ಮತ್ತು ನಿಯಮಗಳಲ್ಲಿ ಹತ್ತು ತಪ್ಪುಗಳನ್ನು ಬೇಕೆಂದೇ ಬಿತ್ತಿಸಿದೆ. ಒಂದು ತರಗತಿಯ ಪ್ರಯೋಗಾಲಯ ಶುಲ್ಕ ನೂರು ರೂಪಾಯಿ ಕಡಿಮೆ, ಒಂದು ಬಸ್ ಮಾರ್ಗದ ದರ ಪಕ್ಕದ ಮಾರ್ಗದ್ದು, ಹೀಗೆ. ಎರಡು ದಿನದಲ್ಲಿ ಆರು ಸಿಕ್ಕಿಬಿದ್ದವು. ಮೊತ್ತದ ತಪ್ಪುಗಳೆಲ್ಲ ಸಿಕ್ಕವು. ಸಿಗದ ನಾಲ್ಕರಲ್ಲಿ ಮೂರು ದಿನಾಂಕದವು: ಕಡೆಯ ದಿನ 10ರ ಬದಲು 11, ವರ್ಷದ ನಡುವೆ ಬಸ್ ಬಿಟ್ಟ ಮಗುವಿಗೆ ಶುಲ್ಕ ನಿಲ್ಲುವ ದಿನಾಂಕ, ಮತ್ತೊಂದು. ಮನುಷ್ಯನ ಕಣ್ಣು ಹಣ ನೋಡುತ್ತದೆ, ತಾರೀಕು ನೋಡುವುದಿಲ್ಲ. ಆ ನಂತರ ಉತ್ತರದ ಹಾಳೆಯಲ್ಲಿ ದಿನಾಂಕಕ್ಕೆ ಪ್ರತ್ಯೇಕ ಕಾಲಂ ಹಾಕಿಸಿ, ಟಿಕ್ ಹಾಕುವ ಬದಲು ತಾರೀಕನ್ನೇ ಬರೆಯಬೇಕೆಂದೆ. ಬಿತ್ತಿದ ವಿಷಯ ತಿಳಿದಾಗ ಮೇಡಂ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆರನ್ನೂ ಹಿಡಿದದ್ದು ಅವರ ನೋಟ್‌ಬುಕ್ಕೇ ಎಂದ ಮೇಲೆ ಸರಿಹೋದರು.

ಹಳೆಯ ಬಾಕಿಗಳನ್ನು ಹೊಸದಕ್ಕೆ ತಂದ ಕಥೆ ಚಿಕ್ಕದು. ಒಟ್ಟು ಮೊತ್ತ ಪೈಸೆಯ ಮಟ್ಟಿಗೆ ಕೂಡಿತು, ತರಗತಿವಾರು ಮೊತ್ತವೂ ಕೂಡಿತು, ಆದರೂ ಒಂದೇ ತರಗತಿಯ ಒಂದೇ ಹೆಸರಿನ ಇಬ್ಬರು ಮಕ್ಕಳ ಬಾಕಿ ಅದಲುಬದಲಾಗಿತ್ತು. ಮುಂಗಡ ಕಟ್ಟಿದವರ ಪಟ್ಟಿಯನ್ನು ಒಬ್ಬೊಬ್ಬರನ್ನಾಗಿ ನೋಡಿದಾಗ ಸಿಕ್ಕಿತು. ಸುಮಾರು ಸಾವಿರದ ಎಂಟುನೂರು ಮಕ್ಕಳಲ್ಲಿ ಸೊನ್ನೆಯಲ್ಲದ ಖಾತೆ ಮುನ್ನೂರರ ಹತ್ತಿರ ಇದ್ದವು, ಅಷ್ಟನ್ನೂ ನೋಡಿದೆವು.

ಈಗ ಸಹಿಯ ನಿಯಮಗಳು. ಜಗಳ ಹೆಚ್ಚಾದದ್ದು ಇಲ್ಲಿಯೇ.

ಮೊದಲನೆಯದಾಗಿ, ದೋಷದ ತೀವ್ರತೆಯನ್ನು ತೀರ್ಮಾನಿಸುವವರು ನಾವು, ವೆಂಡರ್ ಅಲ್ಲ. ಹಣದ ಅಂಕಿ ತಪ್ಪಿದರೆ ಅದು ಒಂದನೇ ದರ್ಜೆ, ಒಂದು ರೂಪಾಯಿಯಾದರೂ ಅಷ್ಟೇ. "ಒಂದು ರೂಪಾಯಿಗೆ ಒಂದನೇ ದರ್ಜೆಯೇ ಸರ್?" ಎಂದು ಕೇಳಿದರು. ಒಂದು ರೂಪಾಯಿಯನ್ನು ಎಲ್ಲಿ ಕಳೆದುಕೊಂಡಿತು ಎಂದು ತಿಳಿಯದ ತಂತ್ರಾಂಶ ಸಾವಿರವನ್ನೂ ಅಲ್ಲೇ ಕಳೆದುಕೊಳ್ಳುತ್ತದೆ ಎಂದೆ. ಕೆಲಸ ನಿಲ್ಲುತ್ತದೆ ಆದರೆ ಬಳಸುದಾರಿ ಇದೆ ಎಂಬುದು ಎರಡನೇ ದರ್ಜೆ. ನೋಟ, ಅಕ್ಷರ, ಜೋಡಣೆ ಇವೆಲ್ಲ ಮೂರು. ಸಹಿಗೆ ಬೇಕಾದದ್ದು: ಒಂದನೇ ದರ್ಜೆಯದು ಒಂದೂ ಉಳಿದಿರಬಾರದು, ಎರಡನೆಯದು ಐದನ್ನು ಮೀರಬಾರದು ಮತ್ತು ಪ್ರತಿಯೊಂದಕ್ಕೂ ಬಳಸುದಾರಿ ಹಾಗೂ ಸರಿಪಡಿಸುವ ದಿನಾಂಕ ಬರಹದಲ್ಲಿರಬೇಕು, ಮೂರನೆಯದು ಎಷ್ಟಿದ್ದರೂ ಸರಿ. ಶೇಕಡಾವಾರು ಅಂಕ ವರದಿಯಲ್ಲಿ ಎಲ್ಲಿಯೂ ಬರಕೂಡದು.

ಎರಡನೆಯದು, ಐದು ದಿನದ ನಿಯಮ. ಪ್ರಕರಣಗಳೆಲ್ಲ ಮುಗಿದ ಮೇಲೆ ನಿಜವಾದ ಕೌಂಟರ್‌ನಲ್ಲಿ ಹಳೆಯದೂ ಹೊಸದೂ ಎರಡರಲ್ಲಿಯೂ ರಸೀದಿ ಹಾಕಬೇಕು, ಪೋಷಕರಿಗೆ ಕೊಡುವುದು ಹಳೆಯದರದ್ದು. ಸಂಜೆ ಪೆಟ್ಟಿಗೆಯ ನಗದು, ಹೊಸ ತಂತ್ರಾಂಶದ ದಿನವಹಿ ಮತ್ತು ಬ್ಯಾಂಕ್ ಮೂರರ ವ್ಯತ್ಯಾಸ ಸೊನ್ನೆಯಾಗಬೇಕು. ಹೀಗೆ ಸತತ ಐದು ಕೆಲಸದ ದಿನ. ಗೇಟ್‌ವೇ ಹಣ ತಡವಾಗಿ ಬರುವುದರಿಂದ ಬ್ಯಾಂಕಿನ ತಾಳೆ ಎರಡು ದಿನ ಹಿಂದೆ ಓಡುತ್ತದೆ, ಅದು ಬಂದ ಮೇಲೆಯೇ ಆ ದಿನಕ್ಕೆ ಟಿಕ್. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಹೊಸ ಆವೃತ್ತಿ ಬಂದರೂ ಒಂದರಿಂದ.

ನಮ್ಮ ಎಣಿಕೆ ಮೂರು ಸಲ ಮುರಿಯಿತು. ಒಮ್ಮೆ ಎರಡನೇ ದಿನ, ಒಮ್ಮೆ ಮೂರನೇ ದಿನ, ಹೊಟ್ಟೆ ಉರಿಯುವಂತೆ ಒಮ್ಮೆ ಐದನೇ ದಿನ ಸಂಜೆ. ಆ ಐದನೇ ದಿನದ್ದು ಎರಡು ಕೌಂಟರ್‌ಗಳಲ್ಲಿ ಒಂದೇ ಕ್ಷಣ ರಸೀದಿ ಹಾಕಿದಾಗ ಒಂದು ಸಂಖ್ಯೆ ಹಾರಿಹೋಗಿತ್ತು, 1,207ರ ನಂತರ ನೇರ 1,209. ಹಣ ಸರಿಯಿತ್ತು. ವೆಂಡರ್ ಬೇಡಿಕೊಂಡರು, ಖಜಾಂಚಿಯವರೂ ಅವರ ಪರ ನಿಂತರು. ನಡುವೆ ಸಂಖ್ಯೆ ಮಾಯವಾದ ರಸೀದಿ ಸರಣಿಯನ್ನು ಲೆಕ್ಕ ಪರಿಶೋಧಕರ ಮುಂದೆ ಇಡುವವನು ನಾನು, ಆ ಹಣವನ್ನು ಯಾರೋ ಜೇಬಿಗಿಳಿಸಿದರೆಂಬ ಮೊದಲ ಅನುಮಾನ ಬರುವುದು ನಮ್ಮ ಕ್ಯಾಷಿಯರ್ ಮೇಲೆ. ಎಣಿಕೆ ಒಂದರಿಂದ ಆರಂಭವಾಯಿತು. ಎರಡು ಕಡೆ ರಸೀದಿ ಹಾಕಿದ್ದಕ್ಕೆ ಸಿಬ್ಬಂದಿಗೆ ಹೆಚ್ಚುವರಿ ಭತ್ಯೆ ನಲವತ್ತು ಸಾವಿರದಷ್ಟಾಯಿತು. ಹಿಂದಿನ ಸಲ ವಜಾ ಬರೆದ ಮೊತ್ತವೂ ಅಷ್ಟೇ ಎಂದು ಖಜಾಂಚಿಯವರಿಗೆ ಟಿಪ್ಪಣಿಯಲ್ಲಿ ತೋರಿಸಿದೆ.

ಮೂರನೆಯದು, ಯಾರು ಯಾವುದಕ್ಕೆ ಸಹಿ ಹಾಕುವುದು. ಕ್ಯಾಷಿಯರ್ ಸಹಿ ಕೌಂಟರ್ ಪ್ರಕರಣಗಳಿಗೆ, ನನ್ನದು ತಾಳೆಗೆ, ಪ್ರಾಂಶುಪಾಲರದು ಆ ಹದಿನೇಳು ನಿಯಮಗಳಿಗೆ. ಮೂರೂ ಬಂದ ಮೇಲೆಯೇ ಆಡಳಿತ ಮಂಡಳಿಯದು. ಸಹಿಯ ಪಕ್ಕದಲ್ಲಿ ಆವೃತ್ತಿಯ ಸಂಖ್ಯೆ ಇರಬೇಕು, ಅದಿಲ್ಲದೆ ಸಹಿಗೆ ಅರ್ಥವಿಲ್ಲ. ಈಮೇಲಿನಲ್ಲಿ "ಸರಿ, ಮುಂದುವರಿಸಿ" ಎಂದದ್ದು ಸಹಿಯಲ್ಲ. ಒಪ್ಪಂದದ ಕರಡಿನಲ್ಲಿ, ಹಸ್ತಾಂತರಿಸಿ ಹದಿನೈದು ದಿನದಲ್ಲಿ ಆಕ್ಷೇಪ ಬಾರದಿದ್ದರೆ ಸ್ವೀಕರಿಸಿದಂತೆ ಎಂಬ ಸಾಲೊಂದಿತ್ತು, ಅದನ್ನು ಹೊಡೆದುಹಾಕಿಸಿದ್ದೆ. ವೆಂಡರ್‌ಗೆ ಕೊಡಬೇಕಾದ ಕೊನೆಯ ಶೇಕಡಾ 30 ಹಣವನ್ನು ಸಹಿಗೆ ಕಟ್ಟಿಹಾಕಿದ್ದೆ. ಒಂಬತ್ತು ವಾರ ಅವರು ತಾಳ್ಮೆ ಕಳೆದುಕೊಳ್ಳದಿರಲು ನನ್ನ ಮಾತಿಗಿಂತ ಅದೇ ಹೆಚ್ಚು ಕೆಲಸ ಮಾಡಿತು. ಒಪ್ಪಂದದಲ್ಲಿ ಇನ್ನೂ ಒಂದು ಸಾಲನ್ನು ಸೇರಿಸಿದ್ದೆ, ಅದನ್ನು ಇಲ್ಲಿ ಬರೆದರೆ ಮುಂದಿನ ವೆಂಡರ್ ಎಚ್ಚರವಾಗುತ್ತಾರೆ.

ಶುಲ್ಕದ ಮೊದಲ ಹತ್ತು ದಿನದಲ್ಲಿ ಸಾವಿರದ ನೂರರಷ್ಟು ರಸೀದಿಗಳಾದವು. ವ್ಯತ್ಯಾಸ ಬಂದದ್ದು ಒಂದು ದಿನ, ಇನ್ನೂರು ರೂಪಾಯಿ. ಅದು ತಂತ್ರಾಂಶದ್ದಲ್ಲ, ಚಿಲ್ಲರೆ ಕೊಡುವಾಗ ಹೆಚ್ಚು ಕೊಟ್ಟದ್ದು, ಆ ಪೋಷಕರೇ ಮರುದಿನ ತಂದುಕೊಟ್ಟರು.

ಈ ವಿಧಾನಕ್ಕೆ ಒಂದು ದೊಡ್ಡ ತೂತಿದೆ. ನಾವು ಆರಿಸಿದ ಐದು ದಿನಗಳಲ್ಲಿ ಒಂದು ಮಗುವೂ ಶಾಲೆ ಬಿಡಲಿಲ್ಲ, ಆದ್ದರಿಂದ ಮರುಪಾವತಿ ನಿಜವಾದ ಹಣದಲ್ಲಿ ಪರೀಕ್ಷೆಯಾಗಲೇ ಇಲ್ಲ. ಅದಕ್ಕಾಗಿ ಆ ಭಾಗಕ್ಕೆ ಸಹಿ ಹಾಕದೆ, ಶೇಕಡಾ 30ರಲ್ಲಿ 25 ಕೊಟ್ಟು 5ನ್ನು ಹಿಡಿದಿಟ್ಟುಕೊಂಡೆ. ಅವಧಿಯ ಕೊನೆಯಲ್ಲಿ ಹನ್ನೊಂದು ಮಕ್ಕಳು ಬಿಟ್ಟರು. ಹತ್ತು ಸರಿಯಾಗಿ ಹೋದವು. ಹನ್ನೊಂದನೆಯ ಪೋಷಕರು ಶುಲ್ಕ ಕಟ್ಟಿದ ಕಾರ್ಡನ್ನೇ ನಡುವೆ ಮುಚ್ಚಿಸಿದ್ದರು, ಗೇಟ್‌ವೇ ಮರುಪಾವತಿಯನ್ನು ಹಿಂದಕ್ಕೆ ತಳ್ಳಿತು, ತಂತ್ರಾಂಶದಲ್ಲಿ ಮಾತ್ರ "ಹಿಂತಿರುಗಿಸಲಾಗಿದೆ" ಎಂದಿತ್ತು. ಅದು ತೊಂಬತ್ತೇಳನೇ ಪ್ರಕರಣವಾಗಿ ನೋಟ್‌ಬುಕ್ಕಿಗೆ ಸೇರಿತು. ತಿದ್ದಿದ ಆವೃತ್ತಿ ಕಳೆದ ತಿಂಗಳು ಬಂತು, ಇಪ್ಪತ್ತೆರಡು ಪ್ರಕರಣಗಳನ್ನು ಮತ್ತೆ ನಡೆಸಿ ಆ 5ನ್ನೂ ಬಿಡುಗಡೆ ಮಾಡಿದೆ.